ಕಾಲು ಗಂಟೆ ಎಲ್ಲಿ ಹೋಯಿತು?

ಬೆಂಗಳೂರಿನ ಇಂಜಿನಿಯರಿಂಗ್ ಡಿಸೈನ್ ಕಂಪನಿಗಳಲ್ಲಿ ಶುಕ್ರವಾರ ಸಂಜೆ ಎಲ್ಲರಿಗೂ ತಪ್ಪದೆ ಬರುವ ಮೇಲ್ ಒಂದಿದೆ: ಟೈಮ್‌ಶೀಟ್ ತುಂಬಿ. ಆ ವಾರ ಯಾವ ಪ್ರಾಜೆಕ್ಟ್ ಕೋಡಿಗೆ ಎಷ್ಟು ಗಂಟೆ ಕೆಲಸ ಮಾಡಿದಿರಿ ಎಂದು ಬರೆಯಬೇಕು. ಬಹುಪಾಲು ಜನ ಗೊಣಗುತ್ತಲೇ, ಸೋಮವಾರ ಏನು ಮಾಡಿದ್ದೆವೆಂದು ನೆನಪಿಸಿಕೊಳ್ಳುತ್ತಾ ತುಂಬುತ್ತಾರೆ. ಅದು ಫೈನಾನ್ಸ್ ವಿಭಾಗಕ್ಕೆ ಹೋದ ಮೇಲೆ ಏನಾಗುತ್ತದೆಂದು ವಿಚಾರಿಸುವವರು ಕಡಿಮೆ. ಅಲ್ಲಿ ಅದಕ್ಕೆ ಎದುರಾಗುವುದು 1792ರಲ್ಲಿ ಅಮೆರಿಕದ ಅಧ್ಯಕ್ಷರನ್ನೇ ಕಾಡಿದ್ದ ಗಣಿತದ ಪ್ರಶ್ನೆ. ಒಂದು ಮೊತ್ತವನ್ನು ಅನುಪಾತಕ್ಕೆ ತಕ್ಕಂತೆ ಹಂಚಬೇಕು, ಪ್ರತಿ ಪಾಲೂ ಇಡಿಯಾದ ತುಣುಕುಗಳಲ್ಲೇ ಇರಬೇಕು, ಪಾಲುಗಳನ್ನು ಕೂಡಿದರೆ ಮೂಲ ಮೊತ್ತವೇ ಬರಬೇಕು. ಕೇಳಲು ಮೂರನೇ ಕ್ಲಾಸಿನ ಲೆಕ್ಕ. ಮಾಡಲು ಕೂತರೆ ಹಾಗಲ್ಲ.

ಒಬ್ಬ ಇಂಜಿನಿಯರ್‌ನ ಒಂದು ವಾರವನ್ನು ತೆಗೆದುಕೊಳ್ಳೋಣ. ಆತನಿಗೆ ತಿಂಗಳ ಸಂಬಳ; ಪೇರೋಲ್ ಲೆಕ್ಕದಲ್ಲಿ ವಾರಕ್ಕೆ 40 ಗಂಟೆ. ಕಂಪನಿಗೆ ಆತನ ವಾರದ ಖರ್ಚು 32,000 ರೂಪಾಯಿ, ಅಂದರೆ ಗಂಟೆಗೆ 800 ಎಂದಿರಲಿ. ಆ ವಾರ ಕೆಲಸ ಜಾಸ್ತಿ ಇತ್ತು. ಟೈಮ್‌ಶೀಟ್‌ನಲ್ಲಿ ಆತ P-101ಕ್ಕೆ 16 ಗಂಟೆ, P-102ಕ್ಕೆ 13, P-103ಕ್ಕೆ 8, ತರಬೇತಿ ಮತ್ತು ಮೀಟಿಂಗ್‌ಗಳ G-900ಕ್ಕೆ 7 ಎಂದು ಬರೆದ. ಒಟ್ಟು 44. ದುಡಿದದ್ದು 44, ಸಂಬಳ ಬಂದದ್ದು 40ಕ್ಕೆ.

ಇಲ್ಲಿ ಮೊದಲ ಎಡವಟ್ಟು ಆಗುತ್ತದೆ. ಪ್ರಾಜೆಕ್ಟ್ ಖರ್ಚಿನ ವರದಿ ಬರೆಯುವವರು ಟೈಮ್‌ಶೀಟ್‌ನ ಗಂಟೆಗಳನ್ನು ನೇರವಾಗಿ 800ರಿಂದ ಗುಣಿಸಿದರೆ 35,200 ರೂಪಾಯಿ ಆಗುತ್ತದೆ. ಕಂಪನಿ ಕೊಟ್ಟದ್ದು 32,000. ಯಾರ ಜೇಬಿನಿಂದಲೂ ಹೋಗದ 3,200 ರೂಪಾಯಿ ವರದಿಯಲ್ಲಿ ಖರ್ಚಾಗಿ ಕೂತಿತು. ನೂರಾರು ಜನರಿರುವ ಕಂಪನಿಯಲ್ಲಿ ಹೀಗೇ ನಡೆದರೆ ಪ್ರಾಜೆಕ್ಟ್‌ಗಳ ಖರ್ಚೆಲ್ಲ ಕೂಡಿದ ಮೊತ್ತ ಸಂಬಳದ ಖಾತೆಯನ್ನು ಮೀರಿ ನಿಲ್ಲುತ್ತದೆ. ಲಾಭ ತಂದ ಪ್ರಾಜೆಕ್ಟ್ ಕಾಗದದ ಮೇಲೆ ನಷ್ಟದ್ದಾಗಿ ಕಾಣುತ್ತದೆ.

ಎರಡನೆಯ ಎಡವಟ್ಟು ಇದಕ್ಕಿಂತ ಸೂಕ್ಷ್ಮ. ಕೆಲವು ಕಡೆ ‘ಮೊದಲ 40 ಗಂಟೆಯನ್ನು ಲೆಕ್ಕಕ್ಕೆ ಹಿಡಿ, ಉಳಿದ 4 ಗಂಟೆ ಪುಕ್ಕಟೆ’ ಎನ್ನುತ್ತಾರೆ. ಮೊತ್ತವೇನೋ ಸರಿಹೋಗುತ್ತದೆ. ಆದರೆ ಶುಕ್ರವಾರ ಸಂಜೆ ಯಾವ ಪ್ರಾಜೆಕ್ಟಿನ ಕೆಲಸ ನಡೆದಿತ್ತೋ ಅದಕ್ಕೆ ನಾಲ್ಕು ಗಂಟೆಯ ದುಡಿಮೆ ಬಿಟ್ಟಿ ಸಿಕ್ಕಿತು. ಸೋಮವಾರದ ಪ್ರಾಜೆಕ್ಟ್ ಪೂರ್ತಿ ಬೆಲೆ ತೆತ್ತಿತು. ಯಾವ ಕೆಲಸ ವಾರದ ಕೊನೆಗೆ ಬಿತ್ತು ಎಂಬುದು ಕೇವಲ ಆಕಸ್ಮಿಕ. ಇನ್ನೂ ಕೆಟ್ಟ ಸಂಗತಿಯೆಂದರೆ, ಅದು ಆಕಸ್ಮಿಕವಾಗಿಯೇ ಉಳಿಯಬೇಕೆಂದಿಲ್ಲ. ಖರ್ಚಿನ ಮೇಲೆ ಇಂತಿಷ್ಟು ಲಾಭ ಸೇರಿಸಿ ಬಿಲ್ ಕಳಿಸುವ ಕರಾರು ಒಬ್ಬ ಗ್ರಾಹಕರ ಜೊತೆ, ನಿಗದಿತ ಬೆಲೆಯ ಕರಾರು ಇನ್ನೊಬ್ಬರ ಜೊತೆ ಇದ್ದರೆ, ಪುಕ್ಕಟೆ ಗಂಟೆಗಳನ್ನೆಲ್ಲ ಎರಡನೆಯದಕ್ಕೆ ತಳ್ಳಿ ಮೊದಲನೆಯವರಿಂದ ಪೂರ್ತಿ ವಸೂಲಿ ಮಾಡುವ ಆಸೆ ಮ್ಯಾನೇಜರ್‌ಗೆ ಹುಟ್ಟುತ್ತದೆ. ಅಮೆರಿಕದ ರಕ್ಷಣಾ ಗುತ್ತಿಗೆಗಳ ಲೆಕ್ಕ ತಪಾಸಿಗರು, ಸಂಬಳ ಸಿಗಲಿ ಬಿಡಲಿ, ದುಡಿದ ಅಷ್ಟೂ ಗಂಟೆ ಟೈಮ್‌ಶೀಟ್‌ನಲ್ಲಿ ಇರಬೇಕೆಂದು ನೋಡುವುದಕ್ಕೆ ಇದೇ ಕಾರಣ.

ಹಾಗಾದರೆ ಸರಿಯಾದ ದಾರಿ ಯಾವುದು? 32,000 ರೂಪಾಯಿಯನ್ನು 44 ಗಂಟೆಗೂ ಸಮನಾಗಿ ಹರಡುವುದು. ಗಂಟೆಯ ದರ 800ರಿಂದ 727 ರೂಪಾಯಿ 27 ಪೈಸೆಗೆ ಇಳಿಯುತ್ತದೆ. ಅಥವಾ ದರವನ್ನು 800ರಲ್ಲೇ ಇಟ್ಟು ಪ್ರತಿ ಪ್ರಾಜೆಕ್ಟಿನ ಗಂಟೆಯನ್ನು 40/44 ಪಾಲಿಗೆ ತಗ್ಗಿಸುವುದು. ದಶಾಂಶಗಳನ್ನು ಮೊಟಕುಗೊಳಿಸದೆ ಲೆಕ್ಕ ಹಾಕಿದರೆ, G-900ರ 7 ಗಂಟೆಯನ್ನು 727.27ರಿಂದ ಗುಣಿಸಿದರೂ, ಅದನ್ನೇ 6.3636 ಗಂಟೆಗೆ ತಗ್ಗಿಸಿ 800ರಿಂದ ಗುಣಿಸಿದರೂ ಬರುವುದು 5,090 ರೂಪಾಯಿ 91 ಪೈಸೆಯೇ. ಎರಡೂ ಒಂದೇ ಲೆಕ್ಕದ ಎರಡು ಬರವಣಿಗೆ. ಮೊದಲನೆಯದರಲ್ಲಿ ಪ್ರತಿಯೊಬ್ಬರ ದರ ಪ್ರತಿ ವಾರ ಬದಲಾಗುತ್ತದೆ. ಎರಡನೆಯದರಲ್ಲಿ ಗಂಟೆಗಳು ಪೇರೋಲ್ ಜೊತೆ ಹೊಂದುತ್ತವೆ, ದರ ಅಲುಗಾಡುವುದಿಲ್ಲ. ಖರ್ಚಿನ ವರದಿಯನ್ನೂ ಸಂಬಳ ಕೊಟ್ಟ ಗಂಟೆಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕಾದ ಕಡೆ ಎರಡನೆಯದೇ ಅನುಕೂಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಿಯೇ ಮುಂದೆ ಹೋಗಬೇಕು. ಒಂದು, ತಗ್ಗಿಸಿದ ಗಂಟೆ ಖರ್ಚಿನ ಲೆಕ್ಕಕ್ಕೆ ಮಾತ್ರ. ನೌಕರ ಬರೆದ ಟೈಮ್‌ಶೀಟ್ ಒಂದು ಸಾಕ್ಷ್ಯ. ಅದರಲ್ಲಿ 7 ಎಂದಿದ್ದರೆ 7 ಎಂದೇ ಇರಬೇಕು. ತಗ್ಗಿಸಿದ ಅಂಕಿ ಪಕ್ಕದ ಇನ್ನೊಂದು ಕಾಲಂನಲ್ಲಿ ಕೂರಬೇಕು. ‘ಲೆಕ್ಕ ಸರಿಹೋಗಲಿ ಅಂತ ನೀವೇ 40 ಮಾಡಿ ತುಂಬಿಬಿಡಿ’ ಎಂದು ನೌಕರರಿಗೆ ಹೇಳುವ ಆಫೀಸುಗಳಿವೆ. ಅಲ್ಲಿ ವರದಿ ಅಂದವಾಗಿರುತ್ತದೆ, ಆದರೆ ಮುಂದಿನ ಪ್ರಾಜೆಕ್ಟಿಗೆ ಎಷ್ಟು ಗಂಟೆ ಬೇಕಾದೀತು ಎಂದು ಅಂದಾಜಿಸಲು ಕೂತವರ ಕೈಗೆ ಸಿಗುವುದು ಸುಳ್ಳು ಇತಿಹಾಸ. ಎರಡು, ಎಲ್ಲ ಗಂಟೆಗಳೂ ತಗ್ಗುವಂಥವಲ್ಲ. ಒಂದು ದಿನ ಸಂಬಳ ಸಹಿತ ರಜೆ ಹಾಕಿ, ಉಳಿದ ನಾಲ್ಕು ದಿನದಲ್ಲಿ 36 ಗಂಟೆ ದುಡಿದರೂ ಒಟ್ಟು 44 ಆಗುತ್ತದೆ. ಆಗ ರಜೆಯ 8 ಗಂಟೆ 8 ಆಗಿಯೇ ಉಳಿಯಬೇಕು, ರಜೆಯ ಖಾತೆಯಿಂದ ಕಳೆದದ್ದು ಅಷ್ಟೇ ತಾನೆ. ಅದನ್ನು ಮೊದಲು ಎತ್ತಿಟ್ಟು, ಉಳಿದ 32 ಗಂಟೆಯನ್ನು ಮಾತ್ರ 36ರ ಮೇಲೆ ಹಂಚಬೇಕು. ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ ಪಡೆಯುವ ಕಾರ್ಖಾನೆಯ ಕಾರ್ಮಿಕರ ವಿಷಯ ಬೇರೆಯೇ. ಅವರ ಹೆಚ್ಚಿನ ಗಂಟೆಗೆ ಸಂಬಳ ಬಂದಿರುವುದರಿಂದ ತಗ್ಗಿಸುವ ಮಾತೇ ಇಲ್ಲ.

ಈಗ ನಮ್ಮ ಇಂಜಿನಿಯರ್‌ನ ನಾಲ್ಕು ಪಾಲುಗಳಿಗೆ ಬರೋಣ. 40/44ರಿಂದ ಗುಣಿಸಿದರೆ P-101ಕ್ಕೆ 14.5455 ಗಂಟೆ, P-102ಕ್ಕೆ 11.8182, P-103ಕ್ಕೆ 7.2727, G-900ಕ್ಕೆ 6.3636. ಆದರೆ ಬಹಳಷ್ಟು ಸಾಫ್ಟ್‌ವೇರ್‌ಗಳು ಕಾಲು ಗಂಟೆಗಿಂತ ಸಣ್ಣ ತುಣುಕನ್ನು ಒಪ್ಪುವುದಿಲ್ಲ. ಬಿಲ್ಲಿನಲ್ಲಿ 14.5455 ಗಂಟೆ ಎಂದು ಬರೆದರೆ ಗ್ರಾಹಕರೂ ಹುಬ್ಬೇರಿಸುತ್ತಾರೆ. ಹಾಗಾಗಿ ಪ್ರತಿಯೊಂದನ್ನೂ ಹತ್ತಿರದ ಕಾಲು ಗಂಟೆಗೆ ರೌಂಡ್ ಮಾಡಬೇಕು. ಎಕ್ಸೆಲ್‌ನಲ್ಲಿ ಎಲ್ಲರೂ ಬರೆಯುವ ಸೂತ್ರ ಇದು:

```
=ROUND(B2*40/SUM(B$2:B$5)*4,0)/4
```

ಫಲಿತಾಂಶ 14.5, 11.75, 7.25, 6.25. ನಾಲ್ಕೂ ನಿಯಮಬದ್ಧವಾಗಿ ರೌಂಡ್ ಆಗಿವೆ. ಯಾವುದರಲ್ಲೂ ತಪ್ಪು ಹುಡುಕುವಂತಿಲ್ಲ. ಕೂಡಿ ನೋಡಿ: 39.75. ಕಾಲು ಗಂಟೆ ಕಾಣೆಯಾಗಿದೆ.

ಎಲ್ಲಿ ಹೋಯಿತೆಂದು ಕಂಡುಹಿಡಿಯಲು ಗಂಟೆಗಳನ್ನು ಬಿಟ್ಟು ಕಾಲು ಗಂಟೆಗಳಲ್ಲೇ ಎಣಿಸಬೇಕು. 40 ಗಂಟೆ ಎಂದರೆ 160 ಕಾಲು ಗಂಟೆ. ನಾಲ್ಕು ಪ್ರಾಜೆಕ್ಟ್‌ಗಳ ನಿಜವಾದ ಪಾಲು 58.18, 47.27, 29.09 ಮತ್ತು 25.45. ಹಿಂದಿನ ದಶಾಂಶಗಳನ್ನಷ್ಟೇ ನೋಡಿ. ನಾಲ್ಕೂ ಅರ್ಧಕ್ಕಿಂತ ಕಡಿಮೆ, ಹಾಗಾಗಿ ನಾಲ್ಕೂ ಕೆಳಕ್ಕೆ ಇಳಿದವು. ಆದರೆ ಆ ನಾಲ್ಕು ಚೂರುಗಳನ್ನು ಸೇರಿಸಿದರೆ ಸರಿಯಾಗಿ ಒಂದಾಗುತ್ತದೆ. ಪ್ರತಿ ಪಾಲನ್ನೂ ಒಂಟಿಯಾಗಿ ನೋಡಿದ ಸೂತ್ರಕ್ಕೆ ಮಿಕ್ಕವು ಯಾವ ಕಡೆಗೆ ವಾಲಿದವೆಂದು ಗೊತ್ತೇ ಇಲ್ಲ. ಇನ್ನೊಂದು ವಾರ ಮೂರು ಪಾಲು ಮೇಲಕ್ಕೆ ಏರಿ ಒಂದೇ ಕೆಳಕ್ಕೆ ಇಳಿದರೆ ಮೊತ್ತ 40.25 ಆಗಬಹುದು. ಎಷ್ಟೋ ವಾರ ತಾನಾಗಿಯೇ 40 ಬಂದುಬಿಡುತ್ತದೆ. ಈ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುವುದು ಇದರಿಂದಲೇ. ಸೂತ್ರ ಬರೆದವರು ಎರಡು ಮೂರು ಉದಾಹರಣೆ ನೋಡಿ, ಸರಿಯಿದೆ ಎಂದು ಬಿಟ್ಟಿರುತ್ತಾರೆ.

ಇದಕ್ಕೆ ಆಫೀಸುಗಳಲ್ಲಿ ಚಾಲ್ತಿಯಲ್ಲಿರುವ ಮದ್ದು ಎಂದರೆ, ಹೆಚ್ಚುಕಡಿಮೆ ಬಂದದ್ದನ್ನು ಕೊನೆಯ ಸಾಲಿಗೆ ತುಂಬಿಬಿಡುವುದು. ಮೊದಲ ಮೂರನ್ನು ರೌಂಡ್ ಮಾಡು, ನಾಲ್ಕನೆಯದು 40ರಲ್ಲಿ ಉಳಿದದ್ದು. ಮೊತ್ತ ಯಾವಾಗಲೂ ಸರಿ. ಆದರೆ ಎಲ್ಲ ನೌಕರರ ಎಲ್ಲ ವಾರಗಳ ಕೊಳೆಯೂ ಪಟ್ಟಿಯಲ್ಲಿ ಕೊನೆಗೆ ಬರುವ ಕೋಡಿನ ತಲೆಯ ಮೇಲೆಯೇ. ಪಟ್ಟಿಯಲ್ಲಿ ಹತ್ತು ಕೋಡುಗಳಿದ್ದು, ಕೊನೆಯದರ ಪಾಲು ಅರ್ಧ ಗಂಟೆಯಷ್ಟೇ ಆಗಿದ್ದರೆ, ಮೇಲಿನ ಒಂಬತ್ತರ ಏರುಪೇರಿಗೆ ಅದು ಸೊನ್ನೆಗೆ ಇಳಿಯಬಹುದು, ಋಣಾತ್ಮಕವೂ ಆಗಬಹುದು. ಒಂದು ಪ್ರಾಜೆಕ್ಟಿಗೆ ಮೈನಸ್ ಕಾಲು ಗಂಟೆ ಕೆಲಸ ಮಾಡಿದವರನ್ನು ವರದಿಯಲ್ಲಿ ಕಂಡರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಇದಕ್ಕಿಂತ ನ್ಯಾಯವಾದ ವಿಧಾನವನ್ನು ಸೂಚಿಸಿದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್. ಅಮೆರಿಕದ ಸಂಸತ್ತಿನ ಕೆಳಮನೆಯ ಸ್ಥಾನಗಳನ್ನು ಜನಸಂಖ್ಯೆಗೆ ತಕ್ಕಂತೆ ರಾಜ್ಯಗಳಿಗೆ ಹಂಚಬೇಕಿತ್ತು. ಒಂದು ರಾಜ್ಯಕ್ಕೆ ಏಳೂಕಾಲು ಸದಸ್ಯರನ್ನು ಕೊಡಲಾಗದು. ಹ್ಯಾಮಿಲ್ಟನ್ ಹೇಳಿದ್ದು ಇಷ್ಟು: ಮೊದಲು ಪ್ರತಿಯೊಬ್ಬರಿಗೂ ಅವರ ಪಾಲಿನ ಪೂರ್ಣಾಂಕವನ್ನು ಮಾತ್ರ ಕೊಡಿ, ಉಳಿದ ಸ್ಥಾನಗಳನ್ನು ಯಾರ ಶೇಷ ದೊಡ್ಡದೋ ಅವರಿಂದ ಶುರುಮಾಡಿ ಒಂದೊಂದಾಗಿ ಹಂಚಿ. 1792ರ ಏಪ್ರಿಲ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಆ ವಿಧಾನದ ಮಸೂದೆಯನ್ನು ತಿರಸ್ಕರಿಸಿದರು. ಅಮೆರಿಕದ ಚರಿತ್ರೆಯಲ್ಲಿ ಅಧ್ಯಕ್ಷರೊಬ್ಬರು ಚಲಾಯಿಸಿದ ಮೊದಲ ವೀಟೋ ಅದು. ಸುಮಾರು ಅರವತ್ತು ವರ್ಷಗಳ ನಂತರ ಅದೇ ವಿಧಾನ ಬೇರೆ ಹೆಸರಿನಲ್ಲಿ ಕಾನೂನಾಗಿ ಬಂತು.

ನಮ್ಮ ವಾರಕ್ಕೆ ಅದನ್ನು ಹಚ್ಚಿದರೆ ಪೂರ್ಣಾಂಕಗಳು 58, 47, 29, 25, ಮೊತ್ತ 159. ಉಳಿದದ್ದು ಒಂದು ಕಾಲು ಗಂಟೆ. ದೊಡ್ಡ ಶೇಷ G-900ದ್ದು, 0.45. ಅದಕ್ಕೆ ಕೊಟ್ಟರೆ 26, ಅಂದರೆ ಆರೂವರೆ ಗಂಟೆ. ಈಗ 14.5, 11.75, 7.25, 6.5 ಸೇರಿ ಸರಿಯಾಗಿ 40. ಯಾವ ಪ್ರಾಜೆಕ್ಟೂ ತನ್ನ ನಿಜವಾದ ಪಾಲಿನಿಂದ ಪೂರ್ತಿ ಒಂದು ಕಾಲು ಗಂಟೆಯಷ್ಟು ದೂರ ಸರಿಯಲಿಲ್ಲ. ಎಷ್ಟೇ ಕೋಡುಗಳಿದ್ದರೂ ಈ ವಿಧಾನದಲ್ಲಿ ಆ ಮಿತಿ ಮುರಿಯುವುದಿಲ್ಲ, ಮೈನಸ್ ಬರುವುದಂತೂ ಸಾಧ್ಯವೇ ಇಲ್ಲ.

ಆದರೂ ಒಂದು ಅಪಾಯ ಉಳಿದಿದೆ. ಒಂದು ವಾರಕ್ಕೆ ನ್ಯಾಯವಾದದ್ದು ಹನ್ನೊಂದು ವಾರಕ್ಕೆ ನ್ಯಾಯವಾಗಿರಬೇಕೆಂದಿಲ್ಲ. ನಮ್ಮ ಇಂಜಿನಿಯರ್ ಹನ್ನೊಂದು ವಾರವೂ ಇದೇ 16, 13, 8, 7ರ ಲಯದಲ್ಲಿ ದುಡಿದ ಎನ್ನಿ. ನ್ಯಾಯವಾಗಿ ನಾಲ್ಕು ಕೋಡುಗಳಿಗೆ ಸೇರಬೇಕಾದದ್ದು ಒಟ್ಟು 160, 130, 80 ಮತ್ತು 70 ಗಂಟೆ; ಚೂರುಪಾರು ಏನೂ ಇಲ್ಲ. ಆದರೆ ಪ್ರತಿ ವಾರವೂ ದೊಡ್ಡ ಶೇಷ G-900ದ್ದೇ ಆದ್ದರಿಂದ ಪ್ರತಿ ವಾರವೂ ಆ ಕಾಲು ಗಂಟೆ ಅದಕ್ಕೇ. ಕೊನೆಗೆ ಅದರ ಖಾತೆಯಲ್ಲಿ 70ರ ಬದಲು 71.5 ಗಂಟೆ ಇರುತ್ತದೆ. ಒಂದೂವರೆ ಗಂಟೆ ದೊಡ್ಡದೇನಲ್ಲ ಎನ್ನಬಹುದು. ಇದು ಒಬ್ಬನೇ ನೌಕರನ ಲೆಕ್ಕ. ಇನ್ನೂರು ಜನರಿಗೂ ವಾರಕ್ಕೆ ಸುಮಾರು ಅಷ್ಟೇ ಮೀಟಿಂಗ್, ಅಷ್ಟೇ ತರಬೇತಿ ಇದ್ದರೆ ತಪ್ಪುಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ; ಒಂದೇ ಕಡೆಗೆ ಗುಡ್ಡೆಯಾಗುತ್ತವೆ.

ಪರಿಹಾರ ಸರಳ, ಆದರೆ ಅದಕ್ಕೆ ನೆನಪಿನ ಶಕ್ತಿ ಬೇಕು. ಈ ವಾರ ಯಾರಿಗೆ ಎಷ್ಟು ಬಾಕಿ, ಯಾರಿಗೆ ಎಷ್ಟು ಹೆಚ್ಚು ಕೊಟ್ಟೆವು ಎಂಬುದನ್ನು ಬರೆದಿಟ್ಟುಕೊಂಡು, ಮುಂದಿನ ವಾರದ ಪಾಲಿಗೆ ಅದನ್ನು ಸೇರಿಸಿ ಆಮೇಲೆ ಹಂಚಬೇಕು. ಮೊದಲ ವಾರದ ಕೊನೆಗೆ G-900 ತನ್ನ ಪಾಲಿಗಿಂತ 0.55 ಕಾಲು ಗಂಟೆ ಮುಂಗಡ ತೆಗೆದುಕೊಂಡಿದೆ, P-102ಕ್ಕೆ 0.27 ಬಾಕಿ, P-101ಕ್ಕೆ 0.18, P-103ಕ್ಕೆ 0.09. ಎರಡನೆಯ ವಾರ ಇವನ್ನು ಸೇರಿಸಿದರೆ ಪಾಲುಗಳು 58.36, 47.55, 29.18, 24.91 ಆಗುತ್ತವೆ. ಪೂರ್ಣಾಂಕಗಳ ಮೊತ್ತ 158. ಉಳಿದ ಎರಡರಲ್ಲಿ ಒಂದು G-900ಕ್ಕೆ ಹೋಗಿ ಅದು 25 ಆಗುತ್ತದೆ, ಇನ್ನೊಂದು P-102ಕ್ಕೆ ಹೋಗಿ 48. ಕಳೆದ ವಾರ 26 ಪಡೆದವನಿಗೆ ಈ ವಾರ 25. ಕಳೆದ ವಾರ 47ಕ್ಕೆ ಸಮಾಧಾನಪಟ್ಟವನಿಗೆ ಈಗ 48. ಮೂರನೆಯ ವಾರ P-101ರ ಸರದಿ, ಅದು 59ಕ್ಕೆ ಏರುತ್ತದೆ. ಹೀಗೆಯೇ ಮುಂದುವರಿಸಿದರೆ ಹನ್ನೊಂದನೆಯ ವಾರ ಮುಗಿದಾಗ ನಾಲ್ಕೂ ಬಾಕಿಗಳು ಸೊನ್ನೆ; ಖಾತೆಗಳಲ್ಲಿ 160, 130, 80, 70. ಕಾಗದ ಪೆನ್ಸಿಲ್ ಹಿಡಿದು ಮಾಡಿ ನೋಡಬಹುದಾದ ಲೆಕ್ಕ ಇದು. ಅರ್ಧ ಗಂಟೆ ಹಿಡಿಯುತ್ತದೆ. ಆರನೆಯ ವಾರದಲ್ಲಿ P-103 ತನ್ನ ಪಾಲಿಗಿಂತ ಕಡಿಮೆ, 28ಕ್ಕೆ ಇಳಿಯುವುದನ್ನು ಕಂಡು ಗಾಬರಿಯಾಗಬೇಡಿ. ಹಿಂದಿನ ವಾರ ಅದು ಮುಂಗಡ ಪಡೆದಿತ್ತು.

ಈ ಬಾಕಿ ಪುಸ್ತಕಕ್ಕೂ ಒಂದು ಮಿತಿ ಇದೆ. ಪ್ರಾಜೆಕ್ಟ್ ಮುಗಿದು ಕೋಡ್ ಮುಚ್ಚಿದರೆ ಅದರ ಹೆಸರಿನ ಬಾಕಿ ಅನಾಥವಾಗುತ್ತದೆ. ಅದನ್ನು ಸುಮ್ಮನೆ ಅಳಿಸಿದರೆ ಬಾಕಿಗಳ ಮೊತ್ತ ಸೊನ್ನೆಯಾಗಿ ಉಳಿಯುವುದಿಲ್ಲ, ಮುಂದಿನ ವಾರದ ಪಾಲುಗಳು ಕೂಡಿ 160 ಬರುವುದಿಲ್ಲ. ಉಳಿದ ಕೋಡುಗಳಿಗೆ ಅದನ್ನು ಹಂಚಿಯೇ ಮುಚ್ಚಬೇಕು. ಹಣಕಾಸು ವರ್ಷದ ಕೊನೆಯೂ ಹೀಗೆಯೇ ಕಾಡುತ್ತದೆ. ಮಾರ್ಚ್ 31 ಮಂಗಳವಾರ ಬಂದರೆ ಆ ವಾರದ ಎರಡು ದಿನ ಒಂದು ವರ್ಷಕ್ಕೆ, ಮೂರು ದಿನ ಇನ್ನೊಂದು ವರ್ಷಕ್ಕೆ. ವಾರವನ್ನು ಮೊದಲು 16 ಮತ್ತು 24 ಗಂಟೆಗಳ ಎರಡು ತುಂಡು ಮಾಡಿ, ಪ್ರತಿ ತುಂಡನ್ನೂ ಆಯಾ ದಿನಗಳ ಟೈಮ್‌ಶೀಟ್‌ಗೆ ತಕ್ಕಂತೆ ಬೇರೆಬೇರೆಯಾಗಿ ಹಂಚಬೇಕು. ಇಡೀ ವಾರ ಹಂಚಿ ಆಮೇಲೆ ಎರಡು ಭಾಗ ಮಾಡಿದರೆ ಏಪ್ರಿಲ್‌ನಲ್ಲಿ ಶುರುವಾದ ಪ್ರಾಜೆಕ್ಟಿಗೆ ಮಾರ್ಚ್‌ನ ಖರ್ಚು ಅಂಟಿಕೊಳ್ಳುತ್ತದೆ.

ಹ್ಯಾಮಿಲ್ಟನ್ ವಿಧಾನದ ಒಂದು ವಿಚಿತ್ರವನ್ನು ಇಲ್ಲಿ ಹೇಳದೆ ಇರಲಾಗದು. 1880ರ ಜನಗಣತಿಯ ನಂತರ ಅಮೆರಿಕದ ಜನಗಣತಿ ಕಚೇರಿಯ ಮುಖ್ಯ ಗುಮಾಸ್ತ ಸಿ. ಡಬ್ಲ್ಯೂ. ಸೀಟನ್, ಕೆಳಮನೆಯಲ್ಲಿ 275ರಿಂದ 350ರವರೆಗೆ ಎಷ್ಟೇ ಸ್ಥಾನಗಳಿದ್ದರೂ ಯಾರಿಗೆ ಎಷ್ಟು ಸಿಗುತ್ತದೆಂದು ಲೆಕ್ಕ ಹಾಕುತ್ತಿದ್ದ. 299 ಸ್ಥಾನಗಳಿದ್ದರೆ ಅಲಬಾಮಾ ರಾಜ್ಯಕ್ಕೆ 8. ಒಂದು ಹೆಚ್ಚಿಸಿ 300 ಮಾಡಿದರೆ ಅಲಬಾಮಾಕ್ಕೆ 7! ಹಂಚುವ ವಸ್ತು ಹೆಚ್ಚಾದಾಗ ಒಬ್ಬರ ಪಾಲು ಕಡಿಮೆಯಾಯಿತು.

ಟೈಮ್‌ಶೀಟ್‌ನಲ್ಲೂ ಇದು ಆಗುತ್ತದೆ. ಅರೆಕಾಲಿಕ ನೌಕರರೊಬ್ಬರು ಮೂರು ಕೋಡುಗಳಿಗೆ 6, 6, 2 ಗಂಟೆ ಬರೆದಿದ್ದಾರೆ, ಸಂಬಳ 10 ಗಂಟೆಗೆ, ವ್ಯವಸ್ಥೆ ಇಡೀ ಗಂಟೆಗಳನ್ನು ಮಾತ್ರ ಒಪ್ಪುತ್ತದೆ ಎನ್ನಿ. ಪಾಲುಗಳು 4.29, 4.29, 1.43. ದೊಡ್ಡ ಶೇಷ ಮೂರನೆಯದು, ಹಾಗಾಗಿ 4, 4, 2. ಮರುವಾರ ಎಚ್‌ಆರ್‌ನವರು ತಿದ್ದಿ, ಸಂಬಳ 11 ಗಂಟೆಗೆ ಎಂದರು. ಪಾಲುಗಳು 4.71, 4.71, 1.57. ಈಗ ಉಳಿದ ಎರಡು ಗಂಟೆಗಳು ಮೊದಲ ಎರಡಕ್ಕೆ ಹೋಗಿ 5, 5, 1. ಸಂಬಳದ ಗಂಟೆ ಹೆಚ್ಚಾಯಿತು, ಚಿಕ್ಕ ಪ್ರಾಜೆಕ್ಟಿನ ಖರ್ಚು ಅರ್ಧಕ್ಕೆ ಇಳಿಯಿತು. ಆ ಪ್ರಾಜೆಕ್ಟಿನ ಮ್ಯಾನೇಜರ್ ಫೋನ್ ಮಾಡಿ ‘ಏನ್ರೀ ಇದು, ಸಿಸ್ಟಂ ಕೆಟ್ಟಿದೆಯಾ?’ ಎಂದು ಕೇಳಿದರೆ ತಪ್ಪಲ್ಲ. ಸಿಸ್ಟಂ ಕೆಟ್ಟಿಲ್ಲ. ದೊಡ್ಡ ಪಾಲುಗಳು ಒಂದೊಂದೂ 0.43ರಷ್ಟು ಏರಿದರೆ ಚಿಕ್ಕದು 0.14ರಷ್ಟು ಮಾತ್ರ ಏರಿತು. ಶೇಷಗಳ ಓಟದಲ್ಲಿ ಅದು ಹಿಂದೆ ಬಿತ್ತು, ಅಷ್ಟೇ.

ಇಂಥ ವಿಪರೀತಗಳೇ ಇಲ್ಲದ ಹಂಚಿಕೆಯ ವಿಧಾನಕ್ಕಾಗಿ ಗಣಿತಜ್ಞರು ಬಹಳ ಹುಡುಕಿದರು. ಮಿಷೆಲ್ ಬಾಲಿನ್ಸ್ಕಿ ಮತ್ತು ಪೇಟನ್ ಯಂಗ್ ಆ ಹುಡುಕಾಟಕ್ಕೆ ತೆರೆ ಎಳೆದರು. ಪ್ರತಿಯೊಬ್ಬರಿಗೂ ಅವರ ಪಾಲಿನ ಕೆಳಗಿನ ಇಲ್ಲವೇ ಮೇಲಿನ ಪೂರ್ಣಾಂಕವೇ ಸಿಗಬೇಕು ಎಂಬ ನಿಯಮವನ್ನೂ ಪಾಲಿಸಿ, ಪಾಲುದಾರರ ತೂಕ ಬದಲಾದಾಗ ಹುಟ್ಟುವ ವಿಪರೀತಗಳಿಂದಲೂ ಪಾರಾಗುವ ವಿಧಾನ ಇರಲಾರದು ಎಂದು ಅವರು ಸಾಧಿಸಿದರು. ರಾಜ್ಯಗಳಿಗೆ ಇದು ದೊಡ್ಡ ತಲೆನೋವು, ಏಕೆಂದರೆ ಒಮ್ಮೆ ಕಳೆದುಕೊಂಡ ಸ್ಥಾನ ಮತ್ತೆ ಸಿಗಬೇಕಾದರೆ ಮುಂದಿನ ಜನಗಣತಿವರೆಗೆ ಹತ್ತು ವರ್ಷ ಕಾಯಬೇಕು. ಪ್ರಾಜೆಕ್ಟ್ ಕೋಡಿನ ಅದೃಷ್ಟ ವಾಸಿ. ಬಾಕಿ ಪುಸ್ತಕ ಇಟ್ಟವರಲ್ಲಿ, ಈ ವಾರ ಕಳೆದುಕೊಂಡ 0.57 ಮುಂದಿನ ವಾರವೇ ಅದರ ಬೆನ್ನಿಗೆ ನಿಲ್ಲುತ್ತದೆ.

ಇದುವರೆಗೆ ಒಬ್ಬ ನೌಕರನ ಸಾಲನ್ನು ಮಾತ್ರ ನೋಡಿದೆವು. ವರದಿ ಎಂದರೆ ಒಂದು ಚೌಕಳಿ ಹಾಳೆ. ಅಡ್ಡಸಾಲಿಗೆ ಒಬ್ಬ ನೌಕರ, ಕಂಬಕ್ಕೆ ಒಂದು ಪ್ರಾಜೆಕ್ಟ್. ಪ್ರತಿ ಅಡ್ಡಸಾಲಿನ ಮೊತ್ತ ಆ ನೌಕರನಿಗೆ ಸಂಬಳ ಕೊಟ್ಟ ಗಂಟೆಗೆ ಸಮ ಇರಬೇಕು. ಜೊತೆಗೆ ಪ್ರಾಜೆಕ್ಟ್ ಮ್ಯಾನೇಜರ್ ಕೇಳುತ್ತಾರೆ: ನನ್ನ ಕಂಬದ ಮೊತ್ತವೂ ನಿಜವಾದ ಪಾಲುಗಳ ಮೊತ್ತಕ್ಕೆ ಹೊಂದಬೇಡವೇ? ಸಾಲು ಸರಿಪಡಿಸಲು ಹೋದರೆ ಕಂಬ ಕೆಡುತ್ತದೆ, ಕಂಬ ಸರಿಪಡಿಸಿದರೆ ಸಾಲು ಕೆಡುತ್ತದೆ. ಎರಡನ್ನೂ ಒಟ್ಟಿಗೆ ಸಾಧಿಸುವುದು ಸಾಧ್ಯವೇ?

ಸಾಧ್ಯ. ಯಾವಾಗಲೂ ಸಾಧ್ಯ. ಅದರ ಪುರಾವೆ ಎಷ್ಟು ಚೆಂದವೆಂದರೆ, ಈ ಅಧ್ಯಾಯವನ್ನು ಬರೆಯಲು ಕೂತದ್ದೇ ಅದಕ್ಕಾಗಿ ಎಂದರೂ ಸರಿ. ಕಾಲು ಗಂಟೆಗಳಲ್ಲಿ ಎಣಿಸೋಣ. ಇಬ್ಬರು ನೌಕರರು, ಎರಡು ಪ್ರಾಜೆಕ್ಟ್. ಮೊದಲನೆಯವರ ಪಾಲು 58.3 ಮತ್ತು 101.7, ಎರಡನೆಯವರದು 40.7 ಮತ್ತು 119.3. ಇಬ್ಬರ ಮೊತ್ತವೂ 160. ಕಂಬಗಳ ಮೊತ್ತ 99 ಮತ್ತು 221. ಅಂಚಿನ ಮೊತ್ತಗಳೆಲ್ಲ ಪೂರ್ಣಾಂಕ, ಒಳಗಿನ ಮನೆಗಳು ಮಾತ್ರ ದಶಾಂಶ. ಈಗ 58.3ರಿಂದ 0.3 ಕಿತ್ತುಕೊಳ್ಳಿ. ಸಾಲು ಕೆಡದಿರಲು ಅದನ್ನು ಪಕ್ಕದ 101.7ಕ್ಕೆ ಕೊಡಿ, 102 ಆಯಿತು. ಎರಡನೆಯ ಕಂಬ ಕೆಡದಿರಲು ಕೆಳಗಿನ 119.3ರಿಂದ ಅಷ್ಟನ್ನೇ ಕಿತ್ತುಕೊಳ್ಳಿ, 119. ಆ ಸಾಲು ಕೆಡದಿರಲು 40.7ಕ್ಕೆ ಕೊಡಿ, 41. ಸುತ್ತಿ ಬಂದು ಮೊದಲ ಕಂಬಕ್ಕೆ ತಲುಪಿದೆವು: 58 ಮತ್ತು 41 ಸೇರಿ 99. ಎಲ್ಲವೂ ಪೂರ್ಣಾಂಕ, ಯಾವ ಮೊತ್ತವೂ ಕದಲಲಿಲ್ಲ.

ಹಾಳೆ ಎಷ್ಟೇ ದೊಡ್ಡದಿರಲಿ ಇದೇ ಉಪಾಯ ನಡೆಯುತ್ತದೆ. ಒಂದು ಸಾಲಿನ ಮೊತ್ತ ಪೂರ್ಣಾಂಕವಾಗಿದ್ದು ಅದರಲ್ಲಿ ಒಂದು ಮನೆ ದಶಾಂಶವಾಗಿದ್ದರೆ, ಅದೇ ಸಾಲಿನಲ್ಲಿ ಇನ್ನೊಂದು ದಶಾಂಶದ ಮನೆ ಇರಲೇಬೇಕು. ಒಂಟಿ ದಶಾಂಶ ಪೂರ್ಣಾಂಕದ ಮೊತ್ತ ಕೊಡಲಾರದು. ಕಂಬಕ್ಕೂ ಇದೇ ಮಾತು. ಆದ್ದರಿಂದ ಒಂದು ದಶಾಂಶದ ಮನೆಯಿಂದ ಹೊರಟು, ಸಾಲಿನಲ್ಲಿ ಒಮ್ಮೆ, ಕಂಬದಲ್ಲಿ ಒಮ್ಮೆ, ಹೀಗೆ ದಶಾಂಶದಿಂದ ದಶಾಂಶಕ್ಕೆ ನಡೆಯುತ್ತಾ ಹೋದರೆ ದಾರಿ ಎಲ್ಲೂ ಮುಚ್ಚುವುದಿಲ್ಲ. ಮನೆಗಳು ಎಣಿಕೆಯಷ್ಟೇ ಇರುವುದರಿಂದ ಯಾವಾಗಲೋ ಒಮ್ಮೆ ದಾರಿ ಸುತ್ತಿಕೊಂಡು ಒಂದು ವರ್ತುಲವಾಗುತ್ತದೆ. ಆ ವರ್ತುಲದ ಮನೆಗಳಿಗೆ ಸರದಿಯ ಮೇಲೆ ಸ್ವಲ್ಪ ಕೂಡಿಸಿ, ಸ್ವಲ್ಪ ಕಳೆದು, ಯಾವುದಾದರೂ ಒಂದು ಮನೆ ಪೂರ್ಣಾಂಕ ಮುಟ್ಟಿದ ಕೂಡಲೇ ನಿಲ್ಲಿಸಿ. ದಶಾಂಶದ ಮನೆ ಕನಿಷ್ಠ ಒಂದಾದರೂ ಕಡಿಮೆಯಾಯಿತು. ಮತ್ತೆ ಮತ್ತೆ ಮಾಡಿದರೆ ಒಂದು ದಿನ ಎಲ್ಲ ಮುಗಿಯಲೇಬೇಕು. ಕಂಬಗಳ ಮೊತ್ತವೇ ದಶಾಂಶದಲ್ಲಿದ್ದರೆ ಮೊದಲು ಅವನ್ನು ಹ್ಯಾಮಿಲ್ಟನ್ ವಿಧಾನದಿಂದ ಪೂರ್ಣಾಂಕ ಮಾಡಿ, ಆ ಚೂರುಗಳಿಗೆಂದೇ ಒಂದು ಹೆಚ್ಚುವರಿ ಸಾಲನ್ನು ಹಾಳೆಯ ಕೆಳಗೆ ಸೇರಿಸಿಕೊಂಡರೆ ಆಯಿತು.

ಇಷ್ಟೆಲ್ಲ ಮಾಡಿದ ಮೇಲೂ ವರದಿಯಲ್ಲಿ ಒಟ್ಟು ಮೊತ್ತ ದಶಾಂಶದ ಕೊನೆಯಲ್ಲೆಲ್ಲೋ ಚೂರು ತಪ್ಪಿದರೆ, ಅದು ಹಂಚಿಕೆಯ ದೋಷವಲ್ಲ, ಕಂಪ್ಯೂಟರ್ ಅಂಕಿಗಳನ್ನು ಇಟ್ಟುಕೊಳ್ಳುವ ರೀತಿಯದು. ಕಾಲು ಗಂಟೆ ಎಂಬ 0.25 ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಕರಾರುವಾಕ್ಕಾಗಿ ಕೂರುತ್ತದೆ. ಗಂಟೆಯ ಹತ್ತನೇ ಒಂದು ಭಾಗ, ಅಂದರೆ ವಕೀಲರ ಕಚೇರಿಗಳಲ್ಲಿ ಬಳಸುವ ಆರು ನಿಮಿಷದ 0.1 ಹಾಗೆ ಕೂರುವುದಿಲ್ಲ; ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ `0.1 + 0.2` ಎಂದು ಕೇಳಿದರೆ `0.30000000000000004` ಎಂಬ ಉತ್ತರ ಬರುತ್ತದೆ. ಗಂಟೆಗಳನ್ನು ನಿಮಿಷಗಳಾಗಿ, ರೂಪಾಯಿಗಳನ್ನು ಪೈಸೆಗಳಾಗಿ ಪೂರ್ಣಾಂಕದಲ್ಲೇ ಇಟ್ಟರೆ ಈ ರಗಳೆಯೇ ಇಲ್ಲ. ಮತ್ತೆ, ತಾಳೆ ನೋಡುವಾಗ ಇಡೀ ಕಂಪನಿಯ ಒಟ್ಟು ಮೊತ್ತ ನೋಡಿ ತೃಪ್ತಿಪಡಬೇಡಿ. ಒಬ್ಬರ 39.75 ಮತ್ತೊಬ್ಬರ 40.25 ಸೇರಿ 80 ಆಗಿಬಿಡುತ್ತವೆ, ಎರಡು ತಪ್ಪು ಒಂದನ್ನೊಂದು ಮುಚ್ಚಿಹಾಕುತ್ತವೆ. ಪ್ರತಿ ನೌಕರ, ಪ್ರತಿ ವಾರ, ಹಂಚಿದ ಗಂಟೆಯಲ್ಲಿ ಸಂಬಳದ ಗಂಟೆ ಕಳೆದರೆ ಸೊನ್ನೆ ಬರಬೇಕು. ಆ ಕಾಲಂನಲ್ಲಿ ಸೊನ್ನೆ ಅಲ್ಲದ್ದು ಒಂದಿದ್ದರೂ ವರದಿ ಕಳಿಸಬಾರದು.

ನೌಕರ, ಪ್ರಾಜೆಕ್ಟ್ ಎಂಬ ಎರಡು ದಿಕ್ಕಿನ ಜೊತೆಗೆ ವಾರ ಎಂಬ ಮೂರನೆಯ ದಿಕ್ಕನ್ನೂ ಸೇರಿಸಿ, ಮೂರೂ ಕಡೆಯ ಮೊತ್ತಗಳು ಏಕಕಾಲಕ್ಕೆ ಕರಾರುವಾಕ್ಕಾಗಿ ಹೊಂದಬೇಕೆಂದು ಕೇಳಿದರೆ ಮಾತ್ರ ಆ ಸುಂದರ ಪುರಾವೆ ಕೈಕೊಡುತ್ತದೆ. ಮೂರು ಆಯಾಮದ ಕೋಷ್ಟಕದಲ್ಲಿ ಅಂಥ ಪೂರ್ಣಾಂಕಗಳ ಹಂಚಿಕೆ ಇದ್ದೇ ಇರುತ್ತದೆಂಬ ಭರವಸೆ ಇಲ್ಲ. ಇಲ್ಲದ ಉದಾಹರಣೆಗಳನ್ನು ಗಣಿತಜ್ಞರು ಕಟ್ಟಿ ತೋರಿಸಿದ್ದಾರೆ. ಹಾಗಾಗಿ ಆಫೀಸು ಒಂದನ್ನು ಬಿಟ್ಟುಕೊಡಲೇಬೇಕು. ಬಿಟ್ಟುಕೊಡುವುದಾದರೆ ನೌಕರನ ವಾರದ ಮೊತ್ತವನ್ನಂತೂ ಅಲ್ಲ, ಅದಕ್ಕೆ ಆಗಲೇ ಸಂಬಳ ಕೊಟ್ಟಾಗಿದೆ. ಪ್ರಾಜೆಕ್ಟಿನ ವಾರದ ಮೊತ್ತ ಒಂದೆರಡು ಗಂಟೆ ಆಚೀಚೆ ಆಗಲಿ, ಬಾಕಿ ಪುಸ್ತಕ ಅದನ್ನು ಮುಂದಿನ ವಾರಗಳಲ್ಲಿ ತೀರಿಸುತ್ತದೆ.